ಒಳಹರಿವು, ಹೊರಹರಿವು

ತುಂಗಭದ್ರಾ ಜಲಾಶಯದ ಕೆಳಗೆ, ಹೊಳೆದಂಡೆಯ ಒಂದು ಸಣ್ಣ ಊರು. ಅಲ್ಲಿನ ಸಮುದಾಯ ರೇಡಿಯೊ ಸ್ವಂತವಾಗಿ ಸುದ್ದಿ ಓದುವಂತಿಲ್ಲ. ಆದರೆ ನೆರೆಯ ಎಚ್ಚರಿಕೆಯನ್ನು ಸ್ಥಳೀಯ ಆಡಳಿತ ಕೊಟ್ಟಂತೆ ಬಿತ್ತರಿಸಬಹುದು. ಈ ಕಥೆಯ ಆರ್‌ಜೆ ಜುಲೈನ ಒಂದು ಸಂಜೆ 7 ಗಂಟೆಗೆ ಓದಿದ್ದು ಅಂಥದೊಂದು ಎಚ್ಚರಿಕೆ: "ಜಲಾಶಯದ ಹೊರಹರಿವು 80,000 ಕ್ಯೂಸೆಕ್. ನದಿಪಾತ್ರದವರು ಎಚ್ಚರದಿಂದಿರಿ."

ಹಾಡು ಹಾಕಿ ಮೊಬೈಲಿಗೆ ಬಂದಿದ್ದ ಸಂದೇಶವನ್ನು ಮತ್ತೊಮ್ಮೆ ನೋಡಿದಳು. ಒಳಹರಿವು 22,000, ಹೊರಹರಿವು 80,000. ಸಂಗ್ರಹ ನಿನ್ನೆ 96 ಟಿಎಂಸಿ, ಇವತ್ತು 101.

ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಹೆಚ್ಚಾದರೆ ಡ್ಯಾಂ ತುಂಬುವುದು ಹೇಗೆ?

ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಒಂದು ಕ್ಯೂಸೆಕ್. ಸುಮಾರು 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. 80,000ದಲ್ಲಿ 22,000 ಕಳೆದರೆ 58,000, ಅಂದರೆ ದಿನಕ್ಕೆ 5 ಟಿಎಂಸಿ. ಏರಿರುವುದೂ ಸರಿಯಾಗಿ ಅಷ್ಟೇ. ಟೈಪ್ ಮಾಡಿದವರು ಎರಡು ಅಂಕಿಗಳನ್ನು ಅದಲುಬದಲು ಮಾಡಿದ್ದರು.

ನೀರು ಬಾರದಿದ್ದರೆ ಒಳ್ಳೆಯದೇ ಆಯಿತಲ್ಲ ಎನ್ನುವಂತಿರಲಿಲ್ಲ. ಎಚ್ಚರಿಕೆ ಕೇಳಿದ ರೈತರು ಮೊದಲು ಓಡುವುದು ಹೊಳೆಯೊಳಗಿನ ಪಂಪ್‌ಸೆಟ್ ಬಿಚ್ಚಲು. ಕತ್ತಲಲ್ಲಿ, ಜಾರುವ ಬಂಡೆಗಳ ಮೇಲೆ.

ಅವಳು ಡ್ಯಾಂನ ಕಂಟ್ರೋಲ್ ರೂಮಿಗೆ ಫೋನ್ ಮಾಡಿದಳು.

"ಸರ್, 80,000 ಒಳಹರಿವೋ ಹೊರಹರಿವೋ?"

"ಒಳಹರಿವಮ್ಮಾ. ಹೊರಗೆ ಕಾಲುವೆ, ಹೊಳೆ ಎಲ್ಲಾ ಸೇರಿ 22,000."

"ನಾಳೆ?"

"ಒಳಹರಿವು ಹೀಗೇ ಇದ್ರೆ ಬೆಳಗ್ಗೆ ಗೇಟ್ ಎತ್ತಬೇಕಾಗುತ್ತೆ."

ತಿದ್ದುಪಡಿ ಬರೆಯುವುದು ಇಲ್ಲೇ ಕಷ್ಟವಾಯಿತು. ಜಲಾಶಯದ ಸಾಮರ್ಥ್ಯ ಸುಮಾರು 105.78 ಟಿಎಂಸಿ, ಉಳಿದ ಜಾಗ 5 ಟಿಎಂಸಿಗೂ ಕಡಿಮೆ. "ನೆರೆಯ ಸುದ್ದಿ ಸುಳ್ಳು" ಎಂದಷ್ಟೇ ಹೇಳಿದರೆ ಜನ ನಿಶ್ಚಿಂತೆಯಿಂದ ಮಲಗುತ್ತಾರೆ, ನಾಳೆಯ ನಿಜವಾದ ಎಚ್ಚರಿಕೆಯನ್ನು ನಂಬುವುದಿಲ್ಲ. ತಹಶೀಲ್ದಾರ್ ಕಚೇರಿಗೆ ಫೋನ್ ಮಾಡಿ, ತಾನು ಬರೆದದ್ದನ್ನು ಓದಿ ಹೇಳಿ ಒಪ್ಪಿಗೆ ಪಡೆದಳು. ಹಾಡನ್ನು ಅರ್ಧಕ್ಕೆ ನಿಲ್ಲಿಸಿದಳು.

"7 ಗಂಟೆಗೆ ಓದಿದ ಎಚ್ಚರಿಕೆ ತಪ್ಪಾಗಿತ್ತು. 80,000 ಕ್ಯೂಸೆಕ್ ಡ್ಯಾಂಗೆ ಬರುತ್ತಿರುವ ನೀರು, ಹೊಳೆಗೆ ಬಿಟ್ಟದ್ದಲ್ಲ. ಈ ರಾತ್ರಿ ಯಾರೂ ಹೊಳೆಗೆ ಇಳಿಯಬೇಡಿ. ಡ್ಯಾಂ ತುಂಬುತ್ತಿದೆ, ನಾಳೆ ಗೇಟ್ ತೆರೆಯಬಹುದು. ಬೆಳಗ್ಗೆ 6ಕ್ಕೆ ಮತ್ತೆ ಹೇಳುತ್ತೇವೆ."

7ಕ್ಕೆ ಕೇಳಿದವರೆಲ್ಲ ಈಗಲೂ ಕೇಳುತ್ತಿರುತ್ತಾರೆಂದಿಲ್ಲ. ಹಾಗಾಗಿ ಕೇಂದ್ರ ಮುಚ್ಚುವವರೆಗೂ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಅದನ್ನೇ ಓದಿದಳು, ಒಂದು ಪದವನ್ನೂ ಬದಲಿಸದೆ. ನಡುವೆ ರೈತರೊಬ್ಬರ ಫೋನ್ ಬಂತು.

"ಅಲ್ಲವ್ವಾ, ಮೋಟಾರು ಬಿಚ್ಚಬೇಕೋ ಬ್ಯಾಡೋ?"

"ಈಗ ಬ್ಯಾಡ ಅಣ್ಣಾ. 6 ಗಂಟೆಗೆ ರೇಡಿಯೊ ಹಾಕ್ರಿ. ಗೇಟ್ ಯಾವಾಗ ಎತ್ತುತಾರ ಕೇಳಿ ಹೇಳ್ತೀನಿ, ಆಮೇಲೆ ಇಳೀರಿ."