ಬೆಲ್ಟ್ ಬಿಗಿಯಾದಾಗ ಉರಿಯುವ ಎದೆ

ನಮ್ಮ ಭಾವ ಅಂಗಡಿ ಬಾಗಿಲು ಹಾಕಿ ಬಂದು ಊಟಕ್ಕೆ ಕೂರುವ ಹೊತ್ತಿಗೆ ರಾತ್ರಿ ಹತ್ತೂವರೆ. ಹನ್ನೊಂದಕ್ಕೆ ಹಾಸಿಗೆ. ಒಂದು ಗಂಟೆಗೆಲ್ಲ ಎದೆಯ ನಡುವೆ ಉರಿ, ಗಂಟಲಿಗೆ ಹುಳಿನೀರು. ‘ಎಲ್ಲ ಗ್ಯಾಸ್’ ಎಂದು ಸೋಡಾ ಕುಡಿದು, ಎರಡು ದಿಂಬು ಏರಿಸಿ ಮಲಗುತ್ತಿದ್ದರು. ತೂಕ ಆಗ 84 ಕೆಜಿ. ಏಳೆಂಟು ವರ್ಷದಲ್ಲಿ ಬೆಲ್ಟು ಮೂರು ತೂತು ಹಿಂದೆ ಸರಿದಿತ್ತು.

ಹೋಟೆಲಿನಿಂದ ತರುವ ಸಾಂಬಾರಿನ ಪೊಟ್ಟಣವನ್ನು ನೆನೆಸಿಕೊಳ್ಳಿ. ದಾರ ಸರಿಯಾಗಿಯೇ ಕಟ್ಟಿರುತ್ತಾರೆ. ಕೆಳಗಿನಿಂದ ಒತ್ತಿದರೆ ಮಾತ್ರ ಗಂಟಿನ ಸಂದಿಯಲ್ಲಿ ಜಿನುಗುತ್ತದೆ. ಅನ್ನನಾಳ ಜಠರವನ್ನು ಸೇರುವಲ್ಲಿರುವ ಸ್ನಾಯುವಿನ ಬಳೆಯೇ ಆ ದಾರ. ವಪೆ ಅದಕ್ಕೆ ಹೊರಗಿನಿಂದ ಆಸರೆ. ಹೊಟ್ಟೆಯೊಳಗೆ, ಕರುಳಿನ ಸುತ್ತ ತುಂಬುವ ಕೊಬ್ಬು ಜಠರವನ್ನು ಸದಾ ಒತ್ತುತ್ತಿರುತ್ತದೆ. ತುಂಬಿದ ಹೊಟ್ಟೆಯಲ್ಲಿ ಬಳೆ ಆಗಾಗ ಸಡಿಲವಾಗುವುದು ಸಹಜವೇ, ಆದರೆ ಒತ್ತಡವಿದ್ದಾಗ ಆ ಗಳಿಗೆಯಲ್ಲೇ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಕೆಲವರಲ್ಲಿ ಜಠರದ ಮೇಲ್ತುದಿಯೇ ವಪೆಯನ್ನು ದಾಟಿ ಎದೆಗೂಡಿಗೆ ಜಾರಿ, ಬಳೆ ಒಂದು ಕಡೆ, ಆಸರೆ ಇನ್ನೊಂದು ಕಡೆ ಆಗಿಬಿಡುತ್ತದೆ. ಹಾಗಾಗಿ ತಕ್ಕಡಿಯ ಅಂಕಿಗಿಂತ ಸೊಂಟದ ಸುತ್ತಳತೆ ಇಲ್ಲಿ ಹೆಚ್ಚು ಮಾತಾಡುತ್ತದೆ. ಆಮ್ಲ ತಗ್ಗಿಸುವ ಮಾತ್ರೆ ಉರಿಯನ್ನು ಕಡಿಮೆ ಮಾಡೀತು, ಒತ್ತಡವನ್ನಲ್ಲ.

ಭಾವ ಮಾಡಿದ್ದು ದೊಡ್ಡ ವ್ರತವೇನಲ್ಲ. ಅಂಗಡಿಯಲ್ಲೇ ಏಳೂವರೆಗೆ ಡಬ್ಬಿ ಊಟ, ಅನ್ನ ಅರ್ಧ, ಸಂಜೆಯ ಬೋಂಡಾ ಬಂದ್, ಬೆಳಿಗ್ಗೆ ನಡಿಗೆ. ನಾಲ್ಕು ಕೆಜಿ ಇಳಿದಾಗ ‘ಅಂಥಾ ವ್ಯತ್ಯಾಸವೇನಿಲ್ಲ ಕಣೋ’ ಅಂದಿದ್ದರು. ಅದೂ ನಿಜವೇ. ಅಮೆರಿಕದಲ್ಲಿ 332 ದಪ್ಪ ಮೈಯವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆಂಗಸರಿಗೆ ತೂಕದ ನೂರಕ್ಕೆ ಐದರಿಂದ ಹತ್ತು ಪಾಲು ಇಳಿದಾಗಲೇ ಗುಣ ಕಂಡಿತ್ತು, ಗಂಡಸರಿಗೆ ಹತ್ತು ಪಾಲಾದರೂ ಇಳಿಯಬೇಕಾಯಿತು. ಆರು ತಿಂಗಳಲ್ಲಿ ಸರಾಸರಿ 13 ಕೆಜಿ ಇಳಿಸಿದ ಆ ಗುಂಪಿನಲ್ಲಿ ಆಮ್ಲದ ತೊಂದರೆ ಇದ್ದವರು ನೂರಕ್ಕೆ 37ರಿಂದ 15ಕ್ಕೆ ಇಳಿದರು. ಎಲ್ಲರಿಗೂ ವಾಸಿಯಾಗಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಜಠರ ಮೇಲೆ ಜಾರಿದ್ದರೆ ಅದು ತೂಕ ಇಳಿದ ಮಾತ್ರಕ್ಕೆ ಕೆಳಗೆ ಬಂದು ಕೂರುವುದಿಲ್ಲ.

ನುಂಗುವಾಗ ಅನ್ನ ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಪ್ರಯತ್ನಪಡದೆಯೇ ತೂಕ ಇಳಿಯುತ್ತಿದ್ದರೆ ತಡಮಾಡದೆ ಎಂಡೋಸ್ಕೋಪಿಗೆ ವೈದ್ಯರನ್ನು ಕಾಣಬೇಕು. ಉರಿಯ ಜೊತೆ ಎದೆ ಹಿಂಡಿ, ಬೆವರಿ, ನೋವು ತೋಳಿಗೋ ದವಡೆಗೋ ಇಳಿದರೆ ಅದನ್ನು ಗ್ಯಾಸ್ ಅನ್ನಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಎಂಟು ತಿಂಗಳಿಗೆ ಭಾವ 75 ಕೆಜಿಗೆ ಬಂದರು. ವೈದ್ಯರು ದಿನದ ಮಾತ್ರೆಯನ್ನು ಮೊದಲು ದಿನ ಬಿಟ್ಟು ದಿನಕ್ಕೆ, ಆಮೇಲೆ ಬೇಕಾದಾಗ ಮಾತ್ರ ಎಂದು ಇಳಿಸಿದರು. ಈಗ ಒಂದೇ ದಿಂಬು, ಎಡ ಮಗ್ಗುಲು. ಹೋದ ತಿಂಗಳು ಮದುವೆಯ ಆರತಕ್ಷತೆಯಲ್ಲಿ ಹನ್ನೊಂದು ಗಂಟೆಗೆ ಹೋಳಿಗೆ ಹೊಡೆದವರು, ರಾತ್ರಿಯಿಡೀ ಎದ್ದು ಕೂತಿದ್ದರಂತೆ.