15 ಆಂಪಿಯರೂ ಹೌದು, 60 ವೋಲ್ಟೂ ಹೌದು, ಒಟ್ಟಿಗೆ ಮಾತ್ರ ಅಲ್ಲ

ಹಳೆಯ ಆಂಪ್ಲಿಫೈಯರನ್ನೋ ಪವರ್ ಸಪ್ಲೈಯನ್ನೋ ಬಿಚ್ಚಿ ನೋಡಿದವರಿಗೆ 2N3055 ಪರಿಚಯವಿರುತ್ತದೆ. ಎರಡು ಸ್ಕ್ರೂಗಳಿಂದ ಹೀಟ್‌ಸಿಂಕಿಗೆ ಬಿಗಿದ, ಲೋಹದ ಟೋಪಿಯಂಥ ಟ್ರಾನ್ಸಿಸ್ಟರ್ ಅದು. 1960ರ ದಶಕದಲ್ಲಿ ಆರ್‌ಸಿಎ ಕಂಪನಿ ತಂದದ್ದು, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇವತ್ತಿಗೂ ಕೇಳಿದರೆ ಕೊಡುತ್ತಾರೆ. ಅದರ ಡೇಟಾಶೀಟಿನ ಮೊದಲ ಪುಟದಲ್ಲೇ ಗರಿಷ್ಠ ಮಿತಿಗಳ ಪಟ್ಟಿಯಿದೆ: ಕಲೆಕ್ಟರ್‌ನಿಂದ ಎಮಿಟರ್‌ಗೆ 60 ವೋಲ್ಟ್, ಕಲೆಕ್ಟರ್ ಕರೆಂಟು 15 ಆಂಪಿಯರ್, ಪವರ್ 115 ವ್ಯಾಟ್.

60ನ್ನು 15ರಿಂದ ಗುಣಿಸಿ ನೋಡಿ, 900 ವ್ಯಾಟ್ ಬರುತ್ತದೆ. ಪಕ್ಕದಲ್ಲೇ 115 ಎಂದು ಬರೆದಿದೆ. ಪಟ್ಟಿಯ ಪ್ರತಿ ಸಾಲೂ ಬೇರೆ ಬೇರೆ ಗೋಡೆ; ಯಾವ ಗೋಡೆಯನ್ನೂ ಮುಟ್ಟಬಾರದು. ಅದೇ ಪಟ್ಟಿಯಲ್ಲಿ VCBO ಎಂಬ 100 ವೋಲ್ಟಿನ ಸಾಲೂ ಇದೆ. ದೊಡ್ಡ ಸಂಖ್ಯೆ ನೋಡಿ ಮೋಸಹೋಗಬೇಡಿ, ಅದು ಎಮಿಟರನ್ನು ಬಿಟ್ಟು ಅಳೆದದ್ದು. ನಮ್ಮ ಸರ್ಕ್ಯೂಟಿಗೆ ಲೆಕ್ಕ VCEO, ಅಂದರೆ ಆ 60.

ಒಂದು ನಿಜವಾದ ಕೆಲಸ ಹಿಡಿಯೋಣ. ಮೇಜಿನ ಮೇಲಿಡುವ, 30 ವೋಲ್ಟಿನವರೆಗೆ 3 ಆಂಪಿಯರ್ ಕೊಡುವ ಪವರ್ ಸಪ್ಲೈ ಬೇಕು. 30 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ರೆಕ್ಟಿಫೈಯರ್, ಕೆಪಾಸಿಟರ್ ದಾಟಿ ಸುಮಾರು 41 ವೋಲ್ಟ್ ಡಿಸಿ ಸಿಗುತ್ತದೆ. ಹೊರಗೆ 30 ವೋಲ್ಟ್ ಕೊಡುವಾಗ ಟ್ರಾನ್ಸಿಸ್ಟರಿನ ಪಾಲಿಗೆ ಉಳಿಯುವುದು 11 ವೋಲ್ಟ್, 33 ವ್ಯಾಟ್ ಶಾಖ. ಆದರೆ ಯಾರೋ 5 ವೋಲ್ಟಿಗೆ ಇಳಿಸಿ ಅದೇ 3 ಆಂಪಿಯರ್ ಎಳೆದರೆ ಅದು 36 ವೋಲ್ಟನ್ನು ಹೊರಬೇಕು: 108 ವ್ಯಾಟ್. ಕಡಿಮೆ ವೋಲ್ಟೇಜ್ ಕೊಡುವಾಗಲೇ ಅದಕ್ಕೆ ಹೆಚ್ಚು ಕಷ್ಟ.

115ಕ್ಕಿಂತ 108 ಕಡಿಮೆಯಲ್ಲವೇ ಎನ್ನಬಹುದು. 115ರ ಹಿಂದಿರುವ ಷರತ್ತನ್ನು ಓದಿ: ಟ್ರಾನ್ಸಿಸ್ಟರಿನ ಹೊರಕವಚ 25 ಡಿಗ್ರಿಯಲ್ಲಿದ್ದಾಗ. 108 ವ್ಯಾಟ್ ಶಾಖ ಕಾರುವ ಲೋಹವನ್ನು 25 ಡಿಗ್ರಿಯಲ್ಲಿ ಇಡುವ ಹೀಟ್‌ಸಿಂಕ್ ನಮ್ಮ ಮೇಜಿನ ಮೇಲೆ ಇರುವುದಿಲ್ಲ. ಕವಚ ಒಂದೊಂದು ಡಿಗ್ರಿ ಏರಿದಂತೆ ಮಿತಿ 0.657 ವ್ಯಾಟ್ ಇಳಿಯುತ್ತದೆ ಎಂದು ಡೇಟಾಶೀಟೇ ಹೇಳುತ್ತದೆ. ಕವಚ 100 ಡಿಗ್ರಿಗೆ ಬಂದರೆ ಉಳಿಯುವುದು ಸುಮಾರು 66 ವ್ಯಾಟ್.

ಇನ್ನೂ ನೇರವಾಗಿ ಲೆಕ್ಕ ಹಾಕಬಹುದು. ಒಳಗಿನ ಜಂಕ್ಷನ್ನಿನಿಂದ ಕವಚಕ್ಕೆ ಶಾಖ ದಾಟಲು ಪ್ರತಿ ವ್ಯಾಟಿಗೆ 1.52 ಡಿಗ್ರಿ ವ್ಯತ್ಯಾಸ ಬೇಕು. ಅಡಿಯ ಮೈಕಾ ಹಾಳೆಗೆ ಅರ್ಧ ಡಿಗ್ರಿ, ಒಳ್ಳೆಯ ಹೀಟ್‌ಸಿಂಕಿಗೆ ಒಂದು ಡಿಗ್ರಿ ಎಂದಿಟ್ಟುಕೊಂಡರೆ ಒಟ್ಟು 3 ಡಿಗ್ರಿ. ಕೋಣೆ 35 ಡಿಗ್ರಿ, ಜಂಕ್ಷನ್ನಿನ ಮಿತಿ 200. ನಡುವಿನ 165ನ್ನು 3ರಿಂದ ಭಾಗಿಸಿದರೆ 55 ವ್ಯಾಟ್. ಎರಡು ಟ್ರಾನ್ಸಿಸ್ಟರ್ ಹಾಕಿದರೂ ಗೋಡೆಗೆ ಒರಗಿ ನಿಂತಂತೆ. ಮೂರು ಹಾಕಿ, ಒಂದೊಂದಕ್ಕೂ ಅದರದೇ ಹೀಟ್‌ಸಿಂಕ್ ಕೊಟ್ಟು, ಒಂದೊಂದರ ಎಮಿಟರಿಗೂ 0.1 ಅಥವಾ 0.22 ಓಮ್‌ನ ರೆಸಿಸ್ಟರ್ ಕೊಟ್ಟು ಕರೆಂಟನ್ನು ಸಮನಾಗಿ ಹಂಚಿದರೆ ತಲಾ 36 ವ್ಯಾಟ್, ಜಂಕ್ಷನ್ ಸುಮಾರು 145 ಡಿಗ್ರಿ. ನಾನಾದರೆ ಮೂರನ್ನೇ ಹಾಕುವೆ.

ಇಷ್ಟಾದರೂ ಒಂದು ಗೋಡೆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ‘ಸೇಫ್ ಆಪರೇಟಿಂಗ್ ಏರಿಯಾ’ ಎಂಬ ನಕ್ಷೆಗೆ ಹೋಗಬೇಕು. ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ಕರೆಂಟು. ಎರಡೂ ಲಾಗ್ ಅಳತೆ, ಹಾಗಾಗಿ 10 ಮತ್ತು 100ರ ನಟ್ಟನಡುವೆ ಇರುವುದು 55 ಅಲ್ಲ, ಸುಮಾರು 32. ಇಲ್ಲಿ ಎಡವುವವರು ಬಹಳ. ಮೇಲಿನ ಅಡ್ಡಗೆರೆ ಕರೆಂಟಿನ ಮಿತಿ, ಓರೆಗೆರೆ ಶಾಖದ ಮಿತಿ, ಬಲದ ನೆಟ್ಟಗೆರೆ ವೋಲ್ಟೇಜಿನ ಮಿತಿ. ಓರೆಗೆರೆ ವೋಲ್ಟೇಜ್ ಏರಿದಾಗ ಥಟ್ಟನೆ ಇನ್ನಷ್ಟು ಕಡಿದಾಗಿ ಇಳಿಯುವ ಜಾಗವೇ ‘ಸೆಕೆಂಡ್ ಬ್ರೇಕ್‌ಡೌನ್’. ಅಲ್ಲಿ ಕರೆಂಟು ಚಿಪ್ಪಿನ ತುಂಬ ಹರಡದೆ ಒಂದು ಬಿಂದುವಿಗೆ ನುಗ್ಗುತ್ತದೆ, ಬಿಸಿಯಾದ ಬಿಂದು ಇನ್ನಷ್ಟು ಕರೆಂಟನ್ನು ಸೆಳೆಯುತ್ತದೆ, ಕ್ಷಣದಲ್ಲಿ ಅಲ್ಲಿ ಕರಗುತ್ತದೆ. ಹೀಗೆ ಸತ್ತ ಟ್ರಾನ್ಸಿಸ್ಟರಿನ ಕವಚ ಮುಟ್ಟಿದರೆ ಬೆಚ್ಚಗಷ್ಟೇ ಇರಬಹುದು; ಮಲ್ಟಿಮೀಟರ್ ಇಟ್ಟರೆ ಕಲೆಕ್ಟರ್-ಎಮಿಟರ್ ನೇರ ಶಾರ್ಟ್. ಆಗ 5 ವೋಲ್ಟಿಗೆಂದು ಜೋಡಿಸಿದ ಬೋರ್ಡಿಗೆ 41 ವೋಲ್ಟ್ ನುಗ್ಗಿರುತ್ತದೆ.

ಮೂರು ಟ್ರಾನ್ಸಿಸ್ಟರ್ ಯಾಕೆ, ಒಂದು IRF540N ಮಾಸ್‌ಫೆಟ್ ಸಾಕಲ್ಲ ಎಂದು ಹಲವರಿಗೆ ಅನ್ನಿಸುತ್ತದೆ. ಮೊದಲ ಪುಟ ಹಾಗೆಯೇ ಆಸೆ ಹುಟ್ಟಿಸುತ್ತದೆ: 100 ವೋಲ್ಟ್, 33 ಆಂಪಿಯರ್, 130 ವ್ಯಾಟ್. ಆದರೆ ಅದು ಸ್ವಿಚ್ಚಿನಂತೆ ಪೂರ್ತಿ ತೆರೆದು ಮುಚ್ಚಲು ಮಾಡಿದ ಭಾಗ. ಅರ್ಧ ತೆರೆದು ಹಿಡಿದರೆ ಅದರೊಳಗಿನ ಸಾವಿರಾರು ಪುಟ್ಟ ಕೋಶಗಳಲ್ಲಿ ಬಿಸಿಯಾದದ್ದೇ ಹೆಚ್ಚು ಕರೆಂಟು ಎಳೆಯುತ್ತದೆ, ಮೇಲಿನ ಕಥೆಯೇ ಮರುಕಳಿಸುತ್ತದೆ. ಅದರ ನಕ್ಷೆ ತೆರೆದು ಗೆರೆಗಳ ಮೇಲಿನ ಸಮಯವನ್ನು ಓದಿ. ಅತಿ ಉದ್ದನೆಯದು 10 ಮಿಲಿಸೆಕೆಂಡ್, ಅದೂ ಒಂದೇ ಒಂದು ಪಲ್ಸ್. ಡಿಸಿ ಎಂದು ಬರೆದ ಗೆರೆ ಅಲ್ಲಿಲ್ಲ. ನಮ್ಮ ಪವರ್ ಸಪ್ಲೈ ಗಂಟೆಗಟ್ಟಲೆ ಓಡಬೇಕು.