ಎರಡು ಸಲ ತುಂಬಿದ ಗ್ಯಾಸ್

ಪಕ್ಕದ ಮನೆಯ ಮೇಷ್ಟ್ರು ಫ್ರಿಜ್ ಕಂಪನಿಗೆ ಬರೆದ ದೂರನ್ನು ತಂದು ನನ್ನ ಕೈಗಿಟ್ಟರು. 'ಇಂಥ ಕಳಪೆ ಮಾಲು ಮಾರಲು ನಿಮಗೆ ನಾಚಿಕೆಯಾಗಬೇಕು' ಎಂದು ಶುರುವಾದ ಪತ್ರ ಎರಡು ಪುಟ ಓಡಿ, 'ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳಿ' ಎಂದು ಮುಗಿದಿತ್ತು. ಬಿಲ್ ನಂಬರ್ ಎಲ್ಲೂ ಇರಲಿಲ್ಲ.

ಇದನ್ನು ಓದುವವನು ಫ್ರಿಜ್ ಮಾಡಿದವನೂ ಅಲ್ಲ, ಮಾರಿದವನೂ ಅಲ್ಲ. ದಿನವಿಡೀ ದೂರುಗಳನ್ನೇ ನೋಡುವ ನೌಕರ. ಬೈಗುಳಕ್ಕೆ ಕೊಡಲು 'ವಿಷಾದಿಸುತ್ತೇವೆ' ಎಂಬ ಸಾಲು ಅವನ ಬಳಿ ಸಿದ್ಧವಿರುತ್ತದೆ. 'ಸೂಕ್ತ ಕ್ರಮ' ಎಂದರೆ ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕಳಿಸಿ ಕೈತೊಳೆದುಕೊಳ್ಳುವುದೂ ಆಗಬಹುದು.

ಮೆಕ್ಯಾನಿಕ್ ಬಿಟ್ಟುಹೋದ ಚೀಟಿಗಳಿವೆಯೇ ಎಂದು ಕೇಳಿದೆ. ಇದ್ದವು, ಎರಡು. ಎರಡರಲ್ಲೂ 'ಗ್ಯಾಸ್ ತುಂಬಲಾಗಿದೆ' ಎಂದಿತ್ತು. ಫ್ರಿಜ್ಜಿನ ಗ್ಯಾಸ್ ಮುಚ್ಚಿದ ಕೊಳವೆಗಳಲ್ಲೇ ಸುತ್ತುತ್ತದೆ. ಬಳಸಿದಂತೆ ಮುಗಿಯುವ ವಸ್ತುವಲ್ಲ. ತುಂಬಿದ್ದು ಮತ್ತೆ ಖಾಲಿಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಮೇಷ್ಟ್ರ ಎರಡು ಪುಟಕ್ಕಿಂತ ಗಟ್ಟಿಯಾದ ಮಾತು ಕಂಪನಿಯ ಕಾಗದದಲ್ಲೇ ಇತ್ತು!

ಪತ್ರವನ್ನು ಹೊಸದಾಗಿ ಬರೆದೆವು:

'ಮಾರ್ಚ್ 3ರಂದು ನಿಮ್ಮ ಫ್ರಿಜ್ ಕೊಂಡಿದ್ದೇನೆ. ಬಿಲ್ ಲಗತ್ತಿಸಿದೆ. ಮಾರ್ಚ್ 24ರಿಂದ ಫ್ರೀಜರಿನಲ್ಲಿ ಐಸ್ ಕಟ್ಟುತ್ತಿಲ್ಲ. ಮಾರ್ಚ್ 27 ಮತ್ತು ಏಪ್ರಿಲ್ 9ರಂದು ನಿಮ್ಮ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿದ್ದಾರೆ. ಚೀಟಿಗಳ ಪ್ರತಿ ಇವೆ. ಏಪ್ರಿಲ್ 15ರಿಂದ ಅದೇ ತೊಂದರೆ ಮರುಕಳಿಸಿದೆ. ಫ್ರಿಜ್ ಬದಲಿಸಿಕೊಡಿ, ಆಗದಿದ್ದರೆ ಪೂರ್ತಿ ಹಣ ಹಿಂದಿರುಗಿಸಿ. ಮೇ 2ರೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ.'

'ಕಳಪೆ' ಎಂಬ ಪದ ಹೋಯಿತು. ಅದು ನಮ್ಮ ಅಭಿಪ್ರಾಯ, ಅವರು ವಾದಿಸಬಹುದು. ಐಸ್ ಕಟ್ಟದ ತಾರೀಖಿನೊಂದಿಗೆ ವಾದ ಕಷ್ಟ. 'ಸೋರುತ್ತಿದೆ' ಎಂದೂ ಬರೆಯಲಿಲ್ಲ. ನಾವು ಕಣ್ಣಾರೆ ಕಂಡಿಲ್ಲ. ಎರಡು ಚೀಟಿ ಒಟ್ಟಿಗೆ ನೋಡಿದವರಿಗೆ ತಾನಾಗಿ ಹೊಳೆಯುತ್ತದೆ. ಮಾನಸಿಕ ಹಿಂಸೆಗೆ ಒಂದು ಲಕ್ಷ ಕೇಳೋಣವೆಂದು ಮೇಷ್ಟ್ರ ಆಸೆ. ಬೇಡವೆಂದೆ. ಕೌಂಟರಿನಲ್ಲಿ ಕೂತವನಿಗೆ ಒಪ್ಪುವ ಅಧಿಕಾರವಿಲ್ಲದ ಮೊತ್ತ ಕೇಳಿದರೆ ಇಡೀ ಪತ್ರವೇ ವಕೀಲರ ಮೇಜಿಗೆ ಹೋಗಿ ಅಲ್ಲೇ ಕೂರುತ್ತದೆ.

ಕೋರ್ಟು, ಪೊಲೀಸು, ಟಿವಿ ಎಂಬ ಬೆದರಿಕೆಗಳನ್ನೂ ತೆಗೆದೆವು. ನಿಜವಾಗಿ ಇಡುವ ಹೆಜ್ಜೆಯನ್ನಷ್ಟೇ ಹೇಳಬೇಕು. 1915ಕ್ಕೆ ಫೋನ್ ಮಾಡಿದರೆ ಸಹಾಯವಾಣಿ ದೂರನ್ನು ಕಂಪನಿಗೆ ದಾಟಿಸುತ್ತದೆ. ಆದರೆ ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ಅದಿರುವುದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿಗೆ ಹೋಗಲು ಎರಡು ವರ್ಷ ಕಾಲಾವಕಾಶವಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಏಪ್ರಿಲ್ 28ಕ್ಕೆ ಕಂಪನಿಯಿಂದ ಫೋನ್ ಬಂತು. ಇನ್ನೊಮ್ಮೆ ಗ್ಯಾಸ್ ತುಂಬಿಕೊಡುತ್ತೇವೆ ಎಂದರಂತೆ.

"ನಾಲ್ಕನೇ ಸಾಲು ಓದಿದಿರಾ?" ಎಂದು ಕೇಳಿದರು ಮೇಷ್ಟ್ರು.

ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬದಲಿಸುವ ಅರ್ಜಿಗೆ ಬಿಲ್ಲಿನ ಪ್ರತಿ ಇನ್ನೊಮ್ಮೆ ಕಳಿಸಲು ಹೇಳಿದರು.